ಉಚಿತ ಪ್ರಯೋಗ ಮತ್ತೆ ಸಿಗುತ್ತಿಲ್ಲವೇ? ತಡೆ ಕಾರ್ಡಿನಲ್ಲೋ, ನಂಬರಿನಲ್ಲೋ, ಫೋನಿನಲ್ಲೋ ಪತ್ತೆ ಹಚ್ಚುವ ಬಗೆ

ದೋಷದ ಲಕ್ಷಣ ಹೀಗಿರುತ್ತದೆ. ಆ್ಯಪ್‌ನ ಜಾಹೀರಾತಿನಲ್ಲಿ ‘14 ದಿನ ಉಚಿತ’ ಎಂದಿದೆ. ಪಕ್ಕದ ಮನೆಯವರಿಗೆ ಸಿಕ್ಕಿದೆ, ನಿಮಗೆ ಮಾತ್ರ ಸಿಗುತ್ತಿಲ್ಲ. ಒಳಗೆ ಹೋದರೆ ನೇರವಾಗಿ ತಿಂಗಳ ಚಂದಾ ಕೇಳುತ್ತದೆ, ಇಲ್ಲವೇ ‘ಈ ಕೊಡುಗೆಯನ್ನು ನೀವು ಈಗಾಗಲೇ ಬಳಸಿದ್ದೀರಿ’ ಎಂಬ ಒಂದು ಸಾಲು ಬರುತ್ತದೆ. ಬಳಸಿದ್ದು ಯಾವಾಗ, ಯಾರು, ಯಾವ ಗುರುತಿನಿಂದ ಹಾಗೆ ತೀರ್ಮಾನವಾಯಿತು ಎಂಬುದನ್ನು ಮಾತ್ರ ಯಾವ ಆ್ಯಪ್ ಕೂಡ ಹೇಳುವುದಿಲ್ಲ.

ಕಲಬುರಗಿಯಲ್ಲಿ ಮೊಬೈಲ್ ರಿಪೇರಿಯ ಜೊತೆಗೆ ಆನ್‌ಲೈನ್ ಅರ್ಜಿ ತುಂಬುವ ಕೆಲಸವನ್ನೂ ಮಾಡುವ ನನ್ನಂಥವರ ಮುಂದೆ ಈ ದೂರು ಫೋನ್ ಕೆಟ್ಟಿದೆ ಎಂಬ ರೂಪದಲ್ಲಿ ಬರುತ್ತದೆ. ಫೋನ್ ಕೆಟ್ಟಿರುವುದಿಲ್ಲ. ಆ ಕಂಪನಿಯ ಲೆಕ್ಕದಲ್ಲಿ ನೀವು ಹೊಸಬರಲ್ಲ, ಅಷ್ಟೆ. ಆ ಲೆಕ್ಕ ಸರಿಯಿದ್ದರೆ ಇದು ದೋಷವೇ ಅಲ್ಲ. ತಪ್ಪಾಗಿದ್ದರೆ ಸರಿಪಡಿಸುವ ದಾರಿಯಿದೆ. ಈ ಬರಹ ಇರುವುದು ಆ ಎರಡರಲ್ಲಿ ನಿಮ್ಮದು ಯಾವುದು ಎಂದು ತಿಳಿಯುವುದಕ್ಕೆ. ಹೊಸ ಸಿಮ್, ಹೊಸ ಇಮೇಲ್ ಹಾಕಿ ಅದೇ ವ್ಯಕ್ತಿ ಹತ್ತು ಸಲ ಪುಕ್ಕಟೆ ಪಡೆಯುವ ಉಪಾಯ ಹುಡುಕುತ್ತಿದ್ದರೆ ಅದು ಇಲ್ಲಿಲ್ಲ. ಅಂಥ ಖಾತೆಗಳು ಒಂದು ದಿನ ಒಟ್ಟಿಗೆ ಮುಚ್ಚುತ್ತವೆ, ಹಣ ಕಟ್ಟಿ ಪಡೆದ ಖಾತೆಯೂ ಅವುಗಳ ಜೊತೆಗೇ ಹೋಗಬಹುದು.

ಮೊದಲು ನೋಡಬೇಕಾದದ್ದು: ‘ಉಚಿತ’ ಎಂಬ ಪದ ಯಾವ ಹಂತದಲ್ಲಿ ಮಾಯವಾಯಿತು

ಪರೀಕ್ಷೆಗಳಲ್ಲೆಲ್ಲ ಇದೇ ಹೆಚ್ಚು ಉಪಯೋಗದ್ದು, ಖರ್ಚೂ ಇಲ್ಲ. ಆ್ಯಪ್ ತೆರೆದು ಒಂದೊಂದೇ ಪರದೆ ದಾಟುತ್ತಾ ಹೋಗಿ. ಪ್ರತಿ ಪರದೆಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮುಂದೆ ಗ್ರಾಹಕ ಸೇವೆಗೆ ಬರೆಯುವಾಗ ಇವೇ ಸಾಕ್ಷಿ.

ಕಂಪನಿಯ ಬಳಿ ಆ ಕ್ಷಣಕ್ಕೆ ಯಾವ ಮಾಹಿತಿ ಇದೆಯೋ ಅದನ್ನಷ್ಟೇ ಅದು ಹೋಲಿಸಿ ನೋಡಬಲ್ಲದು. ಲಾಗಿನ್ ಆಗುವ ಮೊದಲು ಅದಕ್ಕೆ ನಿಮ್ಮ ಹೆಸರೂ ಗೊತ್ತಿಲ್ಲ, ನಂಬರೂ ಗೊತ್ತಿಲ್ಲ. ಗೊತ್ತಿರುವುದು ಫೋನ್, ಚಂದಾ ಪ್ಲೇ ಸ್ಟೋರ್ ಅಥವಾ ಆಪಲ್ ಮೂಲಕ ಹೋಗುವುದಾದರೆ ಆ ಸ್ಟೋರ್ ಖಾತೆ, ಅಷ್ಟೆ. ಹಾಗಾಗಿ ಆ್ಯಪ್ ತೆರೆದ ಕೂಡಲೇ, ಏನನ್ನೂ ತುಂಬದೆ, ಉಚಿತ ಎಂಬುದು ಕಾಣದೆ ಹೋದರೆ ಅನುಮಾನ ಫೋನಿನ ಮೇಲೆ ಅಥವಾ ಸ್ಟೋರ್ ಖಾತೆಯ ಮೇಲೆ, ಇಲ್ಲವೇ ಕೊಡುಗೆಯೇ ಮುಗಿದಿದೆ. ಓಟಿಪಿ ಕೊಟ್ಟ ಮೇಲೆ ಮಾಯವಾದರೆ ಅನುಮಾನ ನಂಬರಿನ ಮೇಲೆ ಅಥವಾ ಆ ನಂಬರಿಗೆ ಅಂಟಿದ ಹಳೆಯ ಖಾತೆಯ ಮೇಲೆ. ಕಾರ್ಡಿನ ವಿವರ ತುಂಬುವವರೆಗೂ ‘ಇಂದು ₹0’ ಎಂದು ತೋರಿಸಿ, ತುಂಬಿದ ಮೇಲೆ ಪೂರ್ತಿ ಮೊತ್ತ ತೋರಿಸಿದರೆ ಕಾರ್ಡ್.

ಇದಕ್ಕೆ ಒಂದು ಅಪವಾದವಿದೆ. ಕೆಲವು ಕಂಪನಿಗಳು ಎಲ್ಲ ಗುರುತುಗಳನ್ನೂ ಕೂಡಿಸಿಟ್ಟುಕೊಂಡು ಕೊನೆಯ ಪರದೆಯಲ್ಲಿ ಒಂದೇ ಸಲ ಪರಿಶೀಲಿಸುತ್ತವೆ. ಅಲ್ಲಿ ಕೊನೆಯಲ್ಲಿ ಮಾಯವಾಯಿತೆಂಬ ಒಂದೇ ಕಾರಣಕ್ಕೆ ಕಾರ್ಡನ್ನೇ ದೂಷಿಸುವಂತಿಲ್ಲ. ಆದರೆ ಬೇಗ ಮಾಯವಾದ ಪ್ರಕರಣಗಳಲ್ಲಿ ಈ ಸೂತ್ರ ಗಟ್ಟಿ: ಕಾರ್ಡ್ ಕೊಡುವ ಮೊದಲೇ ಹೋಯಿತೆಂದರೆ ಕಾರ್ಡ್ ನಿರಪರಾಧಿ.

ನಿಜವಾಗಿಯೂ ಮೊದಲೇ ಬಳಸಿದ್ದೀರಾ?

ಜನ ಮರೆಯುತ್ತಾರೆ. ಎರಡು ವರ್ಷದ ಹಿಂದೆ ಕ್ರಿಕೆಟ್ ನೋಡಲೆಂದು ಒಂದು ವಾರಕ್ಕೆ ಹಾಕಿಕೊಂಡು ರದ್ದು ಮಾಡಿದ್ದು ಯಾರಿಗೆ ನೆನಪಿರುತ್ತದೆ? ಆಂಡ್ರಾಯ್ಡ್ ಫೋನಾದರೆ ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ನಿಮ್ಮ ಚಿತ್ರವನ್ನು ಒತ್ತಿ, `Payments & subscriptions`, ಅದರೊಳಗೆ `Subscriptions` ನೋಡಿ. ಐಫೋನಿನಲ್ಲಿ `Settings` ತೆರೆದು ಮೇಲಿರುವ ನಿಮ್ಮ ಹೆಸರನ್ನು ಒತ್ತಿದರೆ `Subscriptions` ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಬಳಸಿಲ್ಲ ಎಂದಲ್ಲ, ಹಳೆಯವು ಅಲ್ಲಿ ಕಾಣದೆ ಹೋಗಬಹುದು. ಜಿಮೇಲ್‌ನಲ್ಲಿ ರಸೀದಿ ಹುಡುಕುವುದು ಹೆಚ್ಚು ನಂಬಿಕೆಯ ದಾರಿ. ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡಿ:

```
from:googleplay-noreply@google.com
```

ಆ್ಯಪ್‌ನ ಹೆಸರನ್ನೂ ಪಕ್ಕದಲ್ಲಿ ಸೇರಿಸಿದರೆ ಪಟ್ಟಿ ಚಿಕ್ಕದಾಗುತ್ತದೆ. ಫೋನಿನಲ್ಲಿ ಎರಡು ಮೂರು ಜಿಮೇಲ್ ಖಾತೆಗಳಿದ್ದರೆ ಪ್ರತಿಯೊಂದರಲ್ಲೂ ಹುಡುಕಬೇಕು.

ಚಂದಾ ಪ್ಲೇ ಸ್ಟೋರ್ ಅಥವಾ ಆಪಲ್ ಮೂಲಕ ಹೋಗುವುದಾದರೆ ಯಾರು ಅರ್ಹರು ಎಂಬ ಲೆಕ್ಕ ಸ್ಟೋರ್ ಖಾತೆಯ ಮೇಲೆ ನಿಲ್ಲುತ್ತದೆ. ಆಪಲ್‌ನಲ್ಲಿ ಒಂದೇ ಗುಂಪಿಗೆ ಸೇರಿದ ಚಂದಾಗಳಿಗೆಲ್ಲ ಕೂಡಿ ಒಂದೇ ಆರಂಭಿಕ ಕೊಡುಗೆ. ಅಂದರೆ ತಿಂಗಳ ಯೋಜನೆಯಲ್ಲಿ ಉಚಿತ ಪಡೆದವರಿಗೆ ಅದೇ ಗುಂಪಿನ ವರ್ಷದ ಯೋಜನೆಯಲ್ಲಿ ಮತ್ತೆ ಸಿಗುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಈ ಚಂದಾ ಹಿಂದೆ ಇರಬಾರದೋ, ಆ್ಯಪ್‌ನ ಯಾವ ಚಂದಾವೂ ಇರಬಾರದೋ ಎಂಬುದನ್ನು ಆ್ಯಪ್ ಮಾಡಿದವರೇ ಗೊತ್ತು ಮಾಡಬಹುದು. ಎರಡೂ ಕಡೆ ಆ್ಯಪ್ ಕಂಪನಿಗೆ ನಿಮ್ಮ ಕಾರ್ಡ್ ಕಾಣುವುದೇ ಇಲ್ಲ. ರಸೀದಿ ಸಿಕ್ಕಿತೆಂದರೆ ಪತ್ತೆ ಕಾರ್ಯ ಇಲ್ಲಿಗೆ ಮುಗಿಯಿತು.

ನಂಬರ್: ಹೊಸ ಸಿಮ್, ಹಳೆಯ ಸಂಖ್ಯೆ

ಅಂಗಡಿಯಿಂದ ಹೊಸ ಸಿಮ್ ತಂದರೂ ಅದರ ಸಂಖ್ಯೆ ಹೊಸದಾಗಿರಬೇಕೆಂದಿಲ್ಲ. ಬಳಕೆಯಿಲ್ಲದೆ ಕಡಿತವಾದ ಮೊಬೈಲ್ ಸಂಖ್ಯೆಯನ್ನು ಟೆಲಿಕಾಂ ಕಂಪನಿ ಕನಿಷ್ಠ 90 ದಿನ ಯಾರಿಗೂ ಕೊಡುವಂತಿಲ್ಲ. ಆ ಅವಧಿ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಹಿಂದಿನವರು ಅದೇ ಸಂಖ್ಯೆಯಿಂದ ಆ್ಯಪ್ ಬಳಸಿದ್ದರೆ ಕಂಪನಿಯ ಪುಸ್ತಕದಲ್ಲಿ ನೀವೇ ಅವರು. ಯಾದಗಿರಿ ಕಡೆಯಿಂದ ದುಡಿಮೆಗೆಂದು ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋದವರು ಅಲ್ಲಿ ಸಿಮ್ ಬದಲಿಸಿ, ಊರಿನದನ್ನು ರೀಚಾರ್ಜ್ ಮಾಡದೆ ಬಿಡುವುದು ನಮ್ಮಲ್ಲಿ ದಿನನಿತ್ಯದ ಮಾತು. ಹಾಗೆ ಬಿಟ್ಟ ಸಂಖ್ಯೆಗಳೇ ಒಂದು ದಿನ ಇನ್ನೊಬ್ಬರ ಕೈ ಸೇರುತ್ತವೆ.

ಇದನ್ನು ಗುರುತಿಸುವುದು ಸುಲಭ. ಓಟಿಪಿ ಕೊಟ್ಟ ಮೇಲೆ ಆ್ಯಪ್ ನಿಮ್ಮ ಹೆಸರು ಕೇಳದೆ ನೇರವಾಗಿ ಒಳಗೆ ಬಿಡುತ್ತದೆ. ಒಳಗೆ ಬೇರೆಯವರ ಹೆಸರು, ಅವರು ಅರ್ಧ ನೋಡಿ ಬಿಟ್ಟ ವಿಡಿಯೊ, ಅವರ ಊರು. ಜೊತೆಗೆ ನೀವು ಎಂದೂ ಸಾಲ ಪಡೆಯದ ಕಡೆಯಿಂದ ಕಂತಿನ ಸಂದೇಶ, ಯಾವುದೋ ಶಾಲೆಯ ಶುಲ್ಕದ ನೆನಪೋಲೆ ಬರುತ್ತಿದ್ದರೆ ಬೇರೆ ಪುರಾವೆಯೇ ಬೇಡ.

ಇಲ್ಲೊಂದು ಕಟ್ಟುನಿಟ್ಟಿನ ಮಾತು. ಆ ಖಾತೆಯ ಹೆಸರು ತಿದ್ದಿ ನಿಮ್ಮದಾಗಿಸಿಕೊಳ್ಳಬೇಡಿ. ಅದು ಬೇರೆಯವರ ಮನೆ, ಬೀಗದ ಕೈ ನಿಮಗೆ ತಪ್ಪಿ ಸಿಕ್ಕಿದೆ. ಕೂಡಲೇ ಲಾಗ್ ಔಟ್ ಆಗಿ, ಗ್ರಾಹಕ ಸೇವೆಗೆ ಬರೆದು, ‘ಈ ಸಂಖ್ಯೆ ನನಗೆ ಇಂಥ ದಿನದಿಂದ ಬಂದಿದೆ, ಹಿಂದಿನ ಖಾತೆಯಿಂದ ಬಿಡಿಸಿ’ ಎಂದು ಕೇಳಿ. ಸಿಮ್ ಚಾಲೂ ಆದ ದಿನಾಂಕವನ್ನು ಟೆಲಿಕಾಂ ಕಂಪನಿಯ ಮಳಿಗೆಯಲ್ಲಿ ವಿಚಾರಿಸಿ ತಿಳಿಯಬಹುದು. ಚಾಲೂ ಆದಾಗ ಬಂದ ಸಂದೇಶ ಇನ್ನೂ ಇದ್ದರೆ ಅದರ ಸ್ಕ್ರೀನ್‌ಶಾಟ್ ಸಾಕಾಗುವುದುಂಟು.

ಕಾರ್ಡ್: ಮನೆಗೆಲ್ಲ ಒಂದೇ

‘ಕಾರ್ಡ್ ನಂಬರನ್ನು ಯಾರೂ ಇಟ್ಟುಕೊಳ್ಳುವಂತಿಲ್ಲವಲ್ಲ, ಮತ್ತೆ ಹೇಗೆ ಹಿಡಿಯುತ್ತಾರೆ?’ ಎಂದು ಒಬ್ಬರು ಮೇಷ್ಟ್ರು ಕೇಳಿದ್ದರು. ಪ್ರಶ್ನೆ ಸರಿಯಾಗಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡಿನ ಪೂರ್ತಿ ಸಂಖ್ಯೆಯನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ. ಅದರ ಬದಲು ಟೋಕನ್ ಎಂಬ ಬದಲಿ ಸಂಖ್ಯೆ ಇರುತ್ತದೆ. ಕೊನೆಯ ನಾಲ್ಕು ಅಂಕಿ ಮತ್ತು ಕಾರ್ಡ್ ಕೊಟ್ಟ ಬ್ಯಾಂಕಿನ ಹೆಸರು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಒಂದೇ ಕಾರ್ಡ್ ಎರಡನೆಯ ಸಲ ಬಂದಿತೆಂದು ತಿಳಿಯಲು ಪೂರ್ತಿ ಸಂಖ್ಯೆ ಬೇಕಿಲ್ಲ. ಹಣ ಪಾವತಿ ನಡೆಸಿಕೊಡುವ ಸಂಸ್ಥೆಗಳು ಕಾರ್ಡಿಗೆ ಒಂದು ಸ್ಥಿರವಾದ ಗುರುತನ್ನು ಕೊಡುತ್ತವೆ. ಕಾರ್ಡ್ ಅದೇ ಆಗಿದ್ದರೆ ಗುರುತೂ ಅದೇ. ಮೇಲೆ ಅಪ್ಪನ ಹೆಸರು ಟೈಪ್ ಮಾಡಿದರೂ ಮಗಳ ಹೆಸರು ಮಾಡಿದರೂ ವ್ಯತ್ಯಾಸವಿಲ್ಲ.

ನಮ್ಮ ಭಾಗದ ಮನೆಗಳಲ್ಲಿ ಇದು ಹೆಚ್ಚು ತೊಡಕಾಗುವುದಕ್ಕೆ ಕಾರಣ, ಆನ್‌ಲೈನಿನಲ್ಲಿ ನಡೆಯುವ ಕಾರ್ಡ್ ಮನೆಗೆ ಒಂದೇ ಇರುವುದು. ಬೀದರಿನ ಒಂದು ಬಿದ್ರಿ ಕೆಲಸದ ಮನೆಯ ಹುಡುಗಿ ತಾವು ಮಾಡಿದ ಹೂದಾನಿ, ಪೆಟ್ಟಿಗೆಗಳ ವಿಡಿಯೊ ತಿದ್ದಲು ಒಂದು ಆ್ಯಪ್ ಹಾಕಿಕೊಂಡಿದ್ದಳು. ‘ಕಾಕಾ, ಫೋನ್ ಹೈದರಾಬಾದಿನಿಂದ ತಂದ ಹಳೆಯದು, ಅದರಲ್ಲೇ ಏನೋ ಇರಬೇಕು ನೋಡಿ’ ಎಂದು ಮನೆಯವರೆಲ್ಲ ಫೋನನ್ನೇ ಬೈಯುತ್ತಿದ್ದರು. ಸ್ಕ್ರೀನ್‌ಶಾಟ್ ಬೇರೆ ಹೇಳುತ್ತಿತ್ತು: ಲಾಗಿನ್ ಆದ ಮೇಲೂ ‘7 ದಿನ ಉಚಿತ’ ಇತ್ತು, ಅಪ್ಪನ ಕಾರ್ಡ್ ತುಂಬಿದ ಮೇಲಷ್ಟೇ ಹೋಗಿತ್ತು. ಹಿಂದಿನ ವರ್ಷ ಅಣ್ಣ ಅದೇ ಕಾರ್ಡಿನಿಂದ ತನ್ನ ಫೋನಿನಲ್ಲಿ ಅದೇ ಆ್ಯಪ್‌ನ ಪ್ರಯೋಗ ಪಡೆದಿದ್ದ.

ಇದನ್ನು ಖಚಿತಪಡಿಸುವ ದಾರಿ ಬ್ಯಾಂಕಿನ ಆ್ಯಪ್‌ನಲ್ಲೇ ಇದೆ. ಕಾರ್ಡಿನ ಟೋಕನ್ ಯಾವ ಯಾವ ವ್ಯಾಪಾರಿಗಳ ಬಳಿ ಇದೆ ಎಂಬ ಪಟ್ಟಿಯನ್ನು ಗ್ರಾಹಕರಿಗೆ ತೋರಿಸುವ ಹೊಣೆ ಕಾರ್ಡ್ ಕೊಟ್ಟ ಬ್ಯಾಂಕಿನದು. ಕಾರ್ಡ್ ನಿರ್ವಹಣೆಯ ಭಾಗದಲ್ಲಿ ಹುಡುಕಿ. ಅಲ್ಲಿ ಆ ಆ್ಯಪ್‌ನ ಹೆಸರು ಮೊದಲೇ ಇದ್ದರೆ ಕಾರ್ಡ್ ಹಿಂದೆ ಅಲ್ಲಿಗೆ ಹೋಗಿದೆ ಎಂದರ್ಥ. ಅಲ್ಲಿಂದ ಟೋಕನ್ ಅಳಿಸಿದರೆ ಪ್ರಯೋಗ ಮರಳುತ್ತದೆ ಎಂಬ ಆಸೆ ಬೇಡ. ಅಳಿಸಿದರೆ ಮುಂದೆ ಆ ಟೋಕನ್‌ನಿಂದ ಹಣ ಎಳೆಯಲಾಗದು, ಅಷ್ಟೆ. ‘ಈ ಕಾರ್ಡಿಗೆ ಒಮ್ಮೆ ಕೊಟ್ಟಾಗಿದೆ’ ಎಂಬ ಟಿಪ್ಪಣಿ ಕಂಪನಿಯ ಕಡೆ ಹಾಗೇ ಇರುತ್ತದೆ.

ಆ ಹುಡುಗಿಯ ವಿಷಯದಲ್ಲಿ ಲೆಕ್ಕ ತಪ್ಪಾಗಿರಲಿಲ್ಲ, ಹಾಗೆಂದು ಅವಳು ಹಳೆಯ ಗ್ರಾಹಕಳೂ ಅಲ್ಲ. ಇಂಥಲ್ಲಿ ನಿಯಮದ ಪುಟ ಓದಬೇಕು. ಅದರಲ್ಲಿ ‘ಒಂದು ಪಾವತಿ ವಿಧಾನಕ್ಕೆ ಒಂದು’ ಎಂದಿತ್ತು. ಅವಳದೇ ಬ್ಯಾಂಕ್ ಖಾತೆಯಿಂದ, ಅವಳದೇ ಯುಪಿಐ ಆಟೋಪೇ ಮೂಲಕ ಪಡೆಯಲು ಯಾವ ತಕರಾರೂ ಬರಲಿಲ್ಲ. ‘ಒಂದು ಮನೆಗೆ ಒಂದು’ ಎಂದಿದ್ದರೆ ಅಲ್ಲಿಗೆ ಕೈ ಬಿಡಬೇಕಾಗುತ್ತಿತ್ತು.

ಕಾರ್ಡಿನ ಹಂತದಲ್ಲಿ ಇನ್ನೊಂದು ದೋಷವೂ ಇದೇ ವೇಷದಲ್ಲಿ ಬರುತ್ತದೆ. ಕೆಲವು ಡೆಬಿಟ್ ಕಾರ್ಡುಗಳಲ್ಲಿ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ಸೌಲಭ್ಯವೇ ಇರುವುದಿಲ್ಲ. ಪ್ರಿಪೇಯ್ಡ್ ಕಾರ್ಡನ್ನು ಎಷ್ಟೋ ಕಂಪನಿಗಳು ಪ್ರಯೋಗಕ್ಕೆ ಒಪ್ಪುವುದಿಲ್ಲ. ಆಗ ಬರುವ ಸಂದೇಶ ‘ಈ ಕಾರ್ಡ್ ಅರ್ಹವಲ್ಲ’ ಎಂದು, ‘ಈಗಾಗಲೇ ಬಳಸಿದ್ದೀರಿ’ ಎಂದಲ್ಲ. ಆದ್ದರಿಂದ ಸಂದೇಶದ ಪದಗಳನ್ನು ಅಕ್ಷರಶಃ ಓದಿ. ಮೊದಲನೆಯದು ಬಂದರೆ ನಿಮ್ಮ ಬ್ಯಾಂಕನ್ನು ಕೇಳಬೇಕು, ಎರಡನೆಯದು ಬಂದರೆ ಆ್ಯಪ್ ಕಂಪನಿಯನ್ನು.

ಫೋನ್: ರೀಸೆಟ್ ಮಾಡಿದರೂ ಹೋಗದ ಗುರುತು

ತಪ್ಪು ತಿಳಿವಳಿಕೆ ಹೆಚ್ಚಿರುವುದು ಇಲ್ಲೇ. ಆ್ಯಪ್ ಕಂಪನಿಗಳು ಫೋನಿನ ಐಎಂಇಐ ಸಂಖ್ಯೆ ನೋಡಿ ಹಿಡಿಯುತ್ತವೆ ಎಂದು ರಿಪೇರಿ ಕಲಿತವರೂ ಹೇಳುತ್ತಾರೆ. ಆಂಡ್ರಾಯ್ಡ್ 10ರಿಂದ ಈಚೆಗೆ ಸಾಮಾನ್ಯ ಆ್ಯಪ್‌ಗಳಿಗೆ ಐಎಂಇಐ ಓದಲು ಅವಕಾಶವಿಲ್ಲ. ಐಫೋನಿನಲ್ಲೂ ಇಲ್ಲ.

ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗೆ ಸಿಗುವುದು ಆಂಡ್ರಾಯ್ಡ್ ಐಡಿ ಎಂಬ ಗುರುತು. ಆ್ಯಪ್ ತೆಗೆದು ಮತ್ತೆ ಹಾಕಿದರೆ ಅದು ಬದಲಾಗುವುದಿಲ್ಲ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಬದಲಾಗುತ್ತದೆ. ಹಿಂದೆ ರೀಸೆಟ್ ಮಾಡಿದರೆ ಪ್ರಯೋಗ ಮರಳುತ್ತಿದ್ದುದು ಇದರಿಂದಲೇ, ‘ರೀಸೆಟ್ ಹೊಡಿ’ ಎಂಬ ಸಲಹೆ ಇನ್ನೂ ಬದುಕಿರುವುದೂ ಇದರಿಂದಲೇ. ಆದರೆ ಆಪಲ್ ತನ್ನ ಸರ್ವರ್‌ನಲ್ಲಿ ಒಂದೊಂದು ಸಾಧನಕ್ಕೂ, ಒಂದೊಂದು ಆ್ಯಪ್ ಕಂಪನಿಯ ಪರವಾಗಿ, ಹೌದು–ಇಲ್ಲ ಎಂಬ ಎರಡು ಗುರುತುಗಳನ್ನು ಇಡಲು ಅವಕಾಶ ಕೊಟ್ಟಿದೆ. ಈ ವ್ಯವಸ್ಥೆಯ ಹೆಸರು ಡಿವೈಸ್‌ಚೆಕ್. ಗೂಗಲ್‌ನಲ್ಲೂ ಈಚೆಗೆ ಇದೇ ಬಗೆಯ ಮೂರು ಗುರುತುಗಳ ಸೌಲಭ್ಯ ಬಂದಿದೆ. ಇವು ಫೋನಿನೊಳಗೆ ಇಲ್ಲ, ಹಾಗಾಗಿ ಫೋನನ್ನು ಎಷ್ಟು ತೊಳೆದರೂ ಹೋಗುವುದಿಲ್ಲ. ಮತ ಹಾಕಿದ ಬೆರಳಿನ ಶಾಯಿಯಂತೆ ಇದು: ಹಾಕಿಯಾಗಿದೆ ಎಂದಷ್ಟೇ ಹೇಳುತ್ತದೆ, ಯಾರು, ಯಾರಿಗೆ ಎಂದು ಹೇಳುವುದಿಲ್ಲ.

ಈ ಗುರುತಿನ ಜೊತೆ ಇನ್ನೊಂದು ಸಂಗತಿ ಉಳಿಯುತ್ತದೆ, ಬಹಳ ಜನರಿಗೆ ಅದು ಗೊತ್ತಿಲ್ಲ: ಗುರುತನ್ನು ಬದಲಿಸಿದ ವರ್ಷ ಮತ್ತು ತಿಂಗಳು. ದಿನಾಂಕವಿಲ್ಲ, ತಿಂಗಳು ಮಾತ್ರ. ಸೆಕೆಂಡ್ ಹ್ಯಾಂಡ್ ಫೋನ್ ಕೊಂಡವರಿಗೆ ಇದೇ ದೊಡ್ಡ ಆಧಾರ.

ಒಂದು ಪ್ರಕರಣ, ಮೊದಲಿಂದ ಕೊನೆಯವರೆಗೆ

ಜೇವರ್ಗಿ ಕಡೆಯ ಹುಡುಗ, ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಪಿಡಿಒ ಪರೀಕ್ಷೆಗೆ ಓದುತ್ತಿದ್ದ. ಸೂಪರ್ ಮಾರ್ಕೆಟ್ ಬಳಿ ಜುಲೈ ತಿಂಗಳಲ್ಲಿ ಹಳೆಯ ಐಫೋನ್ ಕೊಂಡ, ಅದರ ಜೊತೆಗೇ ಹೊಸ ಸಿಮ್ಮನ್ನೂ ತೆಗೆದುಕೊಂಡ. ಒಂದು ತರಬೇತಿ ಆ್ಯಪ್ ಕಾರ್ಡ್ ಕೇಳದೆಯೇ 14 ದಿನ ಉಚಿತ ಪಾಠ ಕೊಡುತ್ತಿತ್ತು. ಗೆಳೆಯರಿಗೆಲ್ಲ ಸಿಕ್ಕಿತು, ಇವನಿಗೆ ಇಲ್ಲ. ಸಿಮ್ ಹೊಸದಾದ್ದರಿಂದ ಸಂಖ್ಯೆ ಹಿಂದೆ ಬೇರೆಯವರದಾಗಿರಬೇಕು ಎಂಬುದು ಅವನ ಗುಮಾನಿ. ಫೋನ್ ಮಾರಿದವನು ‘ರೀಸೆಟ್ ಮಾಡು’ ಎಂದಿದ್ದ. ಮಾಡಿದ್ದರಿಂದ ಬ್ಯಾಕಪ್ ಇಲ್ಲದ ನೋಟ್ಸ್ ಹೋದವು, ಪ್ರಯೋಗ ಮಾತ್ರ ಬರಲಿಲ್ಲ.

ಕಾರ್ಡನ್ನೇ ಕೇಳದ ಪ್ರಯೋಗ ಎಂಬುದು ಮೊದಲ ಸುಳಿವು. ಕಾರ್ಡ್ ಇಲ್ಲದ ಕಡೆ ಕಂಪನಿಗೆ ಉಳಿಯುವುದು ನಂಬರ್ ಮತ್ತು ಫೋನ್ ಎರಡೇ, ಆದ್ದರಿಂದ ಅಂಥ ಆ್ಯಪ್‌ಗಳು ಫೋನಿನ ಗುರುತನ್ನೇ ಬಿಗಿಯಾಗಿ ಹಿಡಿಯುತ್ತವೆ. ಆ್ಯಪ್ ತೆರೆದು ನೋಡಿದೆವು. ಲಾಗಿನ್ ಪರದೆಗೂ ಮೊದಲು ‘14 ದಿನ ಉಚಿತ’ ಎಂಬ ಪಟ್ಟಿ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಣಿಸಿ, ಅದರ ಜಾಗದಲ್ಲಿ ತಿಂಗಳ ದರ ಬಂದು ಕೂತಿತು. ಈ ಮಿಟುಕು ಮುಖ್ಯ. ಮೊದಲು ಬಂದದ್ದು ಆ್ಯಪ್‌ನೊಳಗೇ ಇರುವ ಸಿದ್ಧ ಚಿತ್ರ, ಆಮೇಲಿನದು ಸರ್ವರ್ ಕೊಟ್ಟ ಉತ್ತರ. ಇನ್ನೂ ನಂಬರ್ ಕೊಟ್ಟೇ ಇಲ್ಲ, ಉತ್ತರ ಬಂದಾಗಿದೆ.

ಕೊಡುಗೆಯೇ ಮುಗಿದಿರಬಹುದಲ್ಲ? ಅಂಗಡಿಯ ಪರೀಕ್ಷೆಯ ಫೋನಿನಲ್ಲಿ ಅದೇ ಆ್ಯಪ್ ಹಾಕಿ, ಲಾಗಿನ್ ಆಗದೆ, ಮೊದಲ ಪರದೆ ಮಾತ್ರ ನೋಡಿದೆವು. ಅಲ್ಲಿ ಕೊಡುಗೆ ಅಲುಗಾಡದೆ ನಿಂತಿತ್ತು. ನಂಬರಿನ ಗುಮಾನಿ ತೀರಿಸಲು ಅಂಗಡಿಯ ಕಂಪ್ಯೂಟರಿನಲ್ಲಿ ಬ್ರೌಸರ್‌ನ ಖಾಸಗಿ ಕಿಟಕಿ ತೆರೆದು ಆ ಸೇವೆಯ ಜಾಲತಾಣಕ್ಕೆ ಅವನದೇ ನಂಬರಿನಿಂದ ಲಾಗಿನ್ ಮಾಡಿಸಿದೆ. ಹೆಸರು ಕೇಳಿತು, ಅಂದರೆ ಆ ನಂಬರಿಗೆ ಹಳೆಯ ಖಾತೆ ಇಲ್ಲ. ಒಳಗೆ ‘14 ದಿನ ಉಚಿತ’ ಗುಂಡಿಯೂ ಇತ್ತು. ನಂಬರ್ ಪಾರಾಯಿತು, ಉಳಿದದ್ದು ಫೋನ್.

ಗುಂಡಿ ಕಂಡಿದೆಯಲ್ಲ, ಅಲ್ಲೇ ಒತ್ತಿಬಿಡೋಣ ಎಂದು ಅವನ ಕೈ ಹೋಯಿತು. ತಡೆದೆ. ಕಂಪ್ಯೂಟರಿನಲ್ಲಿ ಶುರು ಮಾಡಿದರೆ 14 ದಿನ ಅಲ್ಲಿಂದಲೇ ಎಣಿಕೆಯಾಗುತ್ತದೆ. ಫೋನಿನಲ್ಲಿ ತಡೆ ಹಾಗೇ ಉಳಿದರೆ ಓದಲು ಅವನು ದಿನವೂ ಅಂಗಡಿಗೆ ಬರಬೇಕಾಗುತ್ತಿತ್ತು. ಪರೀಕ್ಷೆ ಮಾಡುವಾಗ ಈ ಎಚ್ಚರ ಎಲ್ಲರಿಗೂ ಬೇಕು: ನೋಡುವುದಷ್ಟೇ, ಒತ್ತುವುದಲ್ಲ. ಒತ್ತಿದರೆ ಪರೀಕ್ಷೆಯೇ ಇನ್ನೊಂದು ಗುರುತು ಬಿಡುತ್ತದೆ. ಗೆಳೆಯನ ಫೋನಿನಲ್ಲಿ ನಿಮ್ಮ ಖಾತೆ ತೆರೆದು ಪ್ರಯೋಗ ಶುರು ಮಾಡಿದರೆ ಮುಂದೆ ಅವನಿಗೇ ತಡೆ ಬೀಳಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಂಬರನ್ನೂ ಫೋನನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಗಂಟೆಯೊಳಗೆ ಮೇಲಿಂದ ಮೇಲೆ ಓಟಿಪಿ ತರಿಸಿದರೆ ಖಾತೆ ತಾತ್ಕಾಲಿಕವಾಗಿ ಬಂದ್ ಆಗಿ, ಇರುವ ದೋಷದ ಮೇಲೆ ಇನ್ನೊಂದು ಕೂರುತ್ತದೆ.

ಆ ಹುಡುಗನ ಪುಣ್ಯ, ಫೋನಿನ ಬಿಲ್ ಇತ್ತು. ಕೈಬರಹದ್ದೇ, ಆದರೆ ಅಂಗಡಿಯ ಮೊಹರು, ದಿನಾಂಕ, ಐಎಂಇಐ ಮೂರೂ ಇದ್ದವು. ಆ್ಯಪ್ ಐಎಂಇಐ ಓದದಿದ್ದರೂ ಬಿಲ್ಲಿನಲ್ಲಿ ಅದು ಇರಬೇಕು. ಬಿಲ್ ಇದೇ ಫೋನಿನದು ಎಂದು ತೋರಿಸುವುದು ಅದೊಂದೇ. `Settings` ಒಳಗೆ `General`, ಅದರೊಳಗೆ `About` ತೆರೆದು ಐಎಂಇಐ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಬಿಲ್ಲಿನ ಚಿತ್ರದ ಪಕ್ಕ ಇಟ್ಟೆವು. ಬರೆದ ಪತ್ರ ಇಷ್ಟೇ:

> ನಾನು ಈ ಸೇವೆಗೆ ಹೊಸಬ. ನನ್ನ ನಂಬರಿನಿಂದ ಜಾಲತಾಣದಲ್ಲಿ ಉಚಿತ ಪ್ರಯೋಗ ಕಾಣುತ್ತದೆ, ನನ್ನ ಫೋನಿನ ಆ್ಯಪ್‌ನಲ್ಲಿ ಲಾಗಿನ್‌ಗೂ ಮೊದಲೇ ಕಾಣೆಯಾಗುತ್ತದೆ. ಎರಡರ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಈ ಫೋನನ್ನು ಜುಲೈ ತಿಂಗಳಲ್ಲಿ ಬಳಸಿದ ಸ್ಥಿತಿಯಲ್ಲಿ ಕೊಂಡಿದ್ದೇನೆ, ಬಿಲ್ ಜೊತೆಗಿದೆ. ನಿಮ್ಮಲ್ಲಿರುವ ಸಾಧನದ ಗುರುತು ಯಾವ ತಿಂಗಳಿನದು ಎಂದು ದಯವಿಟ್ಟು ನೋಡಿ. ಅದು ಜುಲೈಗಿಂತ ಹಿಂದಿನದಾಗಿದ್ದರೆ ಹಿಂದಿನ ಮಾಲೀಕರದು. ನನ್ನ ಖಾತೆಗೆ ವಿನಾಯಿತಿ ಕೊಡಬೇಕಾಗಿ ವಿನಂತಿ.

ಇದನ್ನೇ ಇಂಗ್ಲಿಷಿನಲ್ಲೂ ಬರೆದು ಕೆಳಗೆ ಅಂಟಿಸಿದೆವು, ಓದುವವರು ಯಾವ ಊರಿನವರೋ ಗೊತ್ತಿರುವುದಿಲ್ಲ. ಮೊದಲು ಬಂದ ಉತ್ತರ ಎಲ್ಲರಿಗೂ ಕಳಿಸುವ ಸಿದ್ಧ ಉತ್ತರ: ‘ಒಬ್ಬರಿಗೆ ಒಂದೇ ಸಲ.’ ಇಲ್ಲಿ ಕೈ ಚೆಲ್ಲುವವರೇ ಹೆಚ್ಚು. ಅದೇ ಪತ್ರಕ್ಕೆ ಮರುತ್ತರವಾಗಿ, ತಿಂಗಳಿನ ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಿ, ತಾಂತ್ರಿಕ ವಿಭಾಗಕ್ಕೆ ಕಳುಹಿಸಲು ಕೋರಿದೆವು. ಗುರುತು ಮಾರ್ಚ್ ತಿಂಗಳಿನದು ಎಂಬ ಉತ್ತರ ಬಂತು. ಖಾತೆಗೆ ವಿನಾಯಿತಿ ಕೊಟ್ಟಿದ್ದೇವೆ, ಆ್ಯಪ್ ತೆರೆದು ಲಾಗಿನ್ ಆಗಿ ಎಂದಿದ್ದರು. ಈ ಸಲ ಲಾಗಿನ್ ಆದ ಮೇಲೆ ಗುಂಡಿ ಕಾಣಿಸಿಕೊಂಡಿತು. ಲಾಗಿನ್‌ಗೆ ಮೊದಲು ಈಗಲೂ ಕಾಣುವುದಿಲ್ಲ, ಏಕೆಂದರೆ ವಿನಾಯಿತಿ ಸಿಕ್ಕಿದ್ದು ಅವನಿಗೆ, ಫೋನಿಗಲ್ಲ. ಫೋನಿನ ಮೇಲಿನ ಗುರುತನ್ನೇ ಅಳಿಸಬೇಕಾದರೆ ಆ ಫೋನಿನಿಂದಲೇ ಆ್ಯಪ್ ಸರ್ವರನ್ನು ಸಂಪರ್ಕಿಸಬೇಕು. ಆದ್ದರಿಂದ ಗ್ರಾಹಕ ಸೇವೆಯವರಿಗೆ ಕೂತಲ್ಲಿಂದ ಖಾತೆಯನ್ನು ತಿದ್ದುವುದೇ ಹಗುರವಾದ ಕೆಲಸ, ನೀವು ಕೇಳಬೇಕಾದದ್ದೂ ಅದನ್ನೇ.

ಎಲ್ಲಿಗೆ ನಿಲ್ಲಿಸಬೇಕು

ಬಿಲ್ ಇಲ್ಲದೆ ಕೊಂಡ ಫೋನಾದರೆ ಈ ವಾದಕ್ಕೆ ಬಲವಿಲ್ಲ. ಹಾಗೆಯೇ ಗುರುತಿನ ತಿಂಗಳೂ ನೀವು ಕೊಂಡ ತಿಂಗಳೂ ಒಂದೇ ಆಗಿದ್ದರೆ ಕಂಪನಿ ಒಪ್ಪಲಾರದು, ಒಪ್ಪಬೇಕೆಂದು ಒತ್ತಾಯಿಸಲೂ ಬರುವುದಿಲ್ಲ. ಉಚಿತ ಪ್ರಯೋಗ ಹಕ್ಕಲ್ಲ, ಯಾರಿಗೆ ಕೊಡಬೇಕೆಂಬ ನಿಯಮ ಅವರದು. ಎರಡು ಸಲ ಬರೆದು ಸ್ಪಷ್ಟ ನಿರಾಕರಣೆ ಬಂದರೆ ಅಲ್ಲಿಗೆ ಬಿಟ್ಟು, ಬೇಕೇ ಬೇಕೆನಿಸಿದರೆ ಒಂದು ತಿಂಗಳ ಚಿಕ್ಕ ಯೋಜನೆ ಕೊಳ್ಳುವುದು ವಾಸಿ.

ಪರದೆಯ ಮೇಲೆ ‘ಇಂದು ₹0’ ಎಂದು ತೋರಿಸಿ, ಒಪ್ಪಿಗೆ ಒತ್ತಿದ ಮೇಲೆ ಪೂರ್ತಿ ಹಣ ಕಡಿತವಾಗಿದ್ದರೆ ಮಾತ್ರ ಲೆಕ್ಕ ಬೇರೆ. ಕಾರ್ಡ್ ಸರಿಯಿದೆಯೇ ಎಂದು ನೋಡಲು ₹1 ಅಥವಾ ₹2 ಕಡಿದು ಮರಳಿಸುವುದು ವಾಡಿಕೆ, ಅದಕ್ಕೆ ಗಾಬರಿ ಬೇಡ. ಪೂರ್ತಿ ಚಂದಾ ಹೋಗಿದ್ದರೆ ಮೊದಲು ಚಂದಾ ರದ್ದು ಮಾಡಿ, ‘ಇಂದು ₹0’ ಎಂಬ ಪರದೆಯ ಸ್ಕ್ರೀನ್‌ಶಾಟನ್ನೂ ಬ್ಯಾಂಕಿನ ಕಡಿತದ ಸಂದೇಶವನ್ನೂ ಸೇರಿಸಿ ಮರುಪಾವತಿ ಕೇಳಿ. ಪ್ಲೇ ಸ್ಟೋರ್ ಅಥವಾ ಆಪಲ್ ಮೂಲಕ ಹೋದ ಹಣವಾದರೆ ಆ್ಯಪ್ ಕಂಪನಿಯ ಬದಲು ಆ ಸ್ಟೋರ್‌ನಲ್ಲೇ ಕೇಳಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.